ಮೈನಸ್ ಎರಡರಿಂದ ಮೂರಕ್ಕೆ ಎಷ್ಟು ಮಹಡಿ?

ಎನ್‌ಸಿಇಆರ್‌ಟಿಯ ಏಳನೇ ತರಗತಿಯ ಹಳೆಯ ಗಣಿತ ಪುಸ್ತಕ ಶುರುವಾಗುವುದೇ ಪೂರ್ಣಾಂಕಗಳಿಂದ. ಮೊದಲ ಅಭ್ಯಾಸದಲ್ಲಿ ಒಂದು ಸಂಖ್ಯಾರೇಖೆ ಇದೆ. ಅದರ ಮೇಲೆ ಯಾವುದೋ ಒಂದು ದಿನ ಐದು ಊರುಗಳಲ್ಲಿದ್ದ ಉಷ್ಣಾಂಶವನ್ನು ಗುರುತಿಸಿದ್ದಾರೆ: ಲಾಹೌಲ್ ಸ್ಪಿತಿ −8, ಶ್ರೀನಗರ −2, ಶಿಮ್ಲಾ 5, ಊಟಿ 14, ಬೆಂಗಳೂರು 22. ಅರಸೀಕೆರೆ, ಬೇಲೂರು ಕಡೆಯ ಮಕ್ಕಳಿಗೆ ಇದರಲ್ಲಿ 22 ಮಾತ್ರ ಮೈಗೆ ಗೊತ್ತಿರುವ ಅಂಕಿ. ನಮ್ಮಲ್ಲಿ ಪುಷ್ಯ ಮಾಸದ ಬೆಳಗಿನ ಜಾವದಲ್ಲೂ ಪಾದರಸ ಸೊನ್ನೆಯ ಹತ್ತಿರ ಸುಳಿಯುವುದಿಲ್ಲ. ಹಾಗಾಗಿ −8 ದೊಡ್ಡದೋ −2 ದೊಡ್ಡದೋ ಎಂದು ಕೇಳಿದರೆ, ಎಂಟು ಎರಡಕ್ಕಿಂತ ದೊಡ್ಡದಲ್ಲವೇ ಎಂದು ತಿರುಗಿ ಕೇಳುವ ಮಕ್ಕಳು ಇದ್ದೇ ಇರುತ್ತಾರೆ.

ಈ ಗೊಂದಲ ಬೇಗ ತಿಳಿಯಾಗುತ್ತದೆ. ಪುಸ್ತಕದಲ್ಲಿ ಅಡ್ಡ ಮಲಗಿರುವ ರೇಖೆಯನ್ನು ಬೋರ್ಡಿನ ಮೇಲೆ ಥರ್ಮಾಮೀಟರಿನಂತೆ ನೆಟ್ಟಗೆ ನಿಲ್ಲಿಸಿ ಬರೆದರೆ ಸಾಕು, ಕೆಳಗಿರುವುದೇ ಚಿಕ್ಕದು ಎಂದು ಕಣ್ಣೇ ಹೇಳುತ್ತದೆ. ತೊಡಕಿರುವುದು ಅದೇ ಲೆಕ್ಕದ ಕೊನೆಯ ಪ್ರಶ್ನೆಯಲ್ಲಿ. ಶ್ರೀನಗರ ಮತ್ತು ಶಿಮ್ಲಾದ ಉಷ್ಣಾಂಶಗಳನ್ನು ಒಟ್ಟು ಸೇರಿಸಿದರೆ ಅದು ಶಿಮ್ಲಾದ ಉಷ್ಣಾಂಶಕ್ಕಿಂತ ಕಡಿಮೆಯೇ ಎಂದು ಪುಸ್ತಕ ಕೇಳುತ್ತದೆ. −2 ಮತ್ತು 5 ಕೂಡಿದರೆ 3, ಸರಿ. ಆದರೆ ಆ ಮೂರು ಡಿಗ್ರಿ ಇರುವುದೆಲ್ಲಿ? ಶ್ರೀನಗರದಲ್ಲೂ ಇಲ್ಲ, ಶಿಮ್ಲಾದಲ್ಲೂ ಇಲ್ಲ. ಎರಡು ಊರಿನ ಚಳಿಯನ್ನು ಕೂಡಲು ಬರುವುದಿಲ್ಲ. ಶ್ರೀನಗರದಲ್ಲಿ ಬೆಳಿಗ್ಗೆ −2 ಇತ್ತು, ಮಧ್ಯಾಹ್ನದ ಹೊತ್ತಿಗೆ 5 ಡಿಗ್ರಿ ಏರಿತು ಎಂದು ಹೇಳಿ ನೋಡಿ, ಅದೇ 3ಕ್ಕೆ ಅರ್ಥ ಬರುತ್ತದೆ. ಇಲ್ಲಿ −2 ಒಂದು ಜಾಗ, 5 ಒಂದು ನಡೆ. ಸಂಖ್ಯಾರೇಖೆಯ ಮೇಲೆ ಒಂದೇ ಅಂಕಿ ಕೆಲವೊಮ್ಮೆ ಚುಕ್ಕೆಯಾಗಿಯೂ ಕೆಲವೊಮ್ಮೆ ಬಾಣವಾಗಿಯೂ ಬರುತ್ತದೆ. ಮಕ್ಕಳು ತಪ್ಪುವುದು ಹೆಚ್ಚಾಗಿ ಇವೆರಡರ ನಡುವೆ.

ಲಿಫ್ಟಿನಲ್ಲಿ ಈ ಬೆರಕೆಗೆ ಅವಕಾಶ ಕಡಿಮೆ. 2024ರಲ್ಲಿ ಬಂದ ಎನ್‌ಸಿಇಆರ್‌ಟಿಯ ಆರನೇ ತರಗತಿ ಪುಸ್ತಕ 'ಗಣಿತ ಪ್ರಕಾಶ್' ಋಣ ಸಂಖ್ಯೆಗಳನ್ನು ಲಿಫ್ಟಿನಿಂದಲೇ ಆರಂಭಿಸಿರುವುದು ನನಗೆ ಸರಿಯೆನಿಸಿತು. ಹೊರಟ ಮಹಡಿಗೆ ನಡೆಯನ್ನು ಕೂಡಿದರೆ ತಲುಪಿದ ಮಹಡಿ. ತಲುಪಿದ ಮಹಡಿಯಿಂದ ಹೊರಟ ಮಹಡಿಯನ್ನು ಕಳೆದರೆ ನಡೆ. ಎರಡನೇ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸಿ ಮೂರನೇ ಮಹಡಿಗೆ ಹೋಗಬೇಕು ಅಂದುಕೊಳ್ಳಿ. 3 − (−2) ಎಷ್ಟು? ಮೈನಸ್ಸಿಗೆ ಮೈನಸ್ ಸೇರಿದರೆ ಪ್ಲಸ್ ಎಂಬ ಮಂತ್ರ ಬೇಕಿಲ್ಲ. ಸೊನ್ನೆಯವರೆಗೆ ಎರಡು, ಅಲ್ಲಿಂದ ಮೂರು, ಒಟ್ಟು ಐದು ಮಹಡಿ ಮೇಲಕ್ಕೆ.

ಇಲ್ಲಿ ಆರು ಎನ್ನುವ ಮಗು ಮಹಡಿಗಳನ್ನು ಎಣಿಸಿದೆ, ನಡುವಿನ ಜಿಗಿತಗಳನ್ನಲ್ಲ. ನಾಲ್ಕು ಎನ್ನುವ ಮಗು ಗ್ರೌಂಡ್ ಫ್ಲೋರನ್ನು ನುಂಗಿಬಿಟ್ಟಿದೆ. ಅಮೆರಿಕದಲ್ಲಿ ನೆಲಮಟ್ಟದ ಮಹಡಿಯನ್ನೇ ಒಂದು ಎಂದು ಕರೆಯುವುದು ವಾಡಿಕೆ. ಅಂಥ ಕಟ್ಟಡದ ಲಿಫ್ಟಿನಲ್ಲಿ ಸೊನ್ನೆಯೇ ಇಲ್ಲದ್ದರಿಂದ ನಾಲ್ಕೇ ಸರಿ! ನಮ್ಮಲ್ಲಿ ಲಿಫ್ಟಿನ ಗುಂಡಿಯ ಮೇಲೆ G ಅಂತಿರುತ್ತದೆ. ಅದು ಸೊನ್ನೆ ಎಂದು ಬಾಯಿಬಿಟ್ಟು ಹೇಳದಿದ್ದರೆ ಸಂಖ್ಯಾರೇಖೆಗೆ ನಡುವೇ ಇರುವುದಿಲ್ಲ.

ಬೇಸ್‌ಮೆಂಟ್ ಇರುವ ಲಿಫ್ಟನ್ನೇ ನೋಡದ ಮಕ್ಕಳಿದ್ದರೆ? ಹಳೇಬೀಡಿನವರಿಗೆ ಹತ್ತಿರದಲ್ಲೇ ಹುಲಿಕೆರೆಯ ಕಲ್ಯಾಣಿ ಇದೆ, ಹೊಯ್ಸಳರ ಕಾಲದ್ದು. ನೆಲಮಟ್ಟವನ್ನು ಸೊನ್ನೆ ಎಂದಿಟ್ಟುಕೊಂಡು ಕೆಳಗಿನ ಮೊದಲ ಮೆಟ್ಟಿಲನ್ನು −1 ಎಂದರೆ, ನೀರಿನ ಕಡೆಗೆ ಇಳಿಯುವ ಸಂಖ್ಯಾರೇಖೆ ಕಲ್ಲಿನಲ್ಲೇ ಸಿದ್ಧ. −3ನೇ ಮೆಟ್ಟಿಲಲ್ಲಿ ನಿಂತವಳು ಎರಡು ಮೆಟ್ಟಿಲು ಇಳಿದರೆ ಎಲ್ಲಿರುತ್ತಾಳೆ, ಹತ್ತಿದರೆ ಎಲ್ಲಿರುತ್ತಾಳೆ ಎಂದು ಕೇಳಬಹುದು. ಶಾಲೆಯ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರೂ ನಡೆಯುತ್ತದೆ.

ಏಳನೇ ತರಗತಿಯ ಅದೇ ಹಳೆಯ ಪುಸ್ತಕದಲ್ಲಿ ಗಣಿಯ ಲಿಫ್ಟೂ ಇದೆ. ನೆಲದಿಂದ 10 ಮೀಟರ್ ಮೇಲಿನಿಂದ ಹೊರಟು ನಿಮಿಷಕ್ಕೆ 6 ಮೀಟರಿನಂತೆ ಇಳಿದರೆ −350 ಮೀಟರ್ ಮುಟ್ಟಲು ಎಷ್ಟು ಹೊತ್ತು? ಇಳಿಯಬೇಕಾದ ದೂರ 360 ಮೀಟರ್, ಹಿಡಿಯುವ ಹೊತ್ತು 60 ನಿಮಿಷ. ಹತ್ತನ್ನು ಕೂಡುವ ಬದಲು ಕಳೆದವರಿಗೆ 340 ಸಿಗುತ್ತದೆ. ಅದನ್ನು ಆರರಿಂದ ಭಾಗಿಸಿದಾಗ ಶೇಷ ಉಳಿಯುವುದೇ ಎಲ್ಲೋ ಎಡವಿದ್ದಕ್ಕೆ ಸುಳಿವು. ಅಂದಹಾಗೆ, 2001ರಲ್ಲಿ ಮುಚ್ಚಿದ ನಮ್ಮ ಕೋಲಾರದ ಚಿನ್ನದ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಪುಸ್ತಕದ ಲಿಫ್ಟಿನಲ್ಲಿ ನೆಲಮಟ್ಟದಿಂದ −3000 ಮೀಟರಿಗೆ ಇಳಿಯಲು 500 ನಿಮಿಷ ಬೇಕು. ಕೆಳಗೆ ತಲುಪುವಷ್ಟರಲ್ಲಿ ಪಾಳಿಯೇ ಮುಗಿದಿರುತ್ತಿತ್ತು!

ಗುಣಾಕಾರಕ್ಕೆ ಬಂದಾಗ ಥರ್ಮಾಮೀಟರನ್ನು ಬದಿಗಿಡುವುದೇ ಲೇಸು. −3 ಡಿಗ್ರಿಯನ್ನು −2 ಡಿಗ್ರಿಯಿಂದ ಗುಣಿಸುವುದಕ್ಕೆ ಅರ್ಥವೇ ಇಲ್ಲ. ಲಿಫ್ಟಿನ ಜೊತೆ ಗಡಿಯಾರವನ್ನೂ ಇಟ್ಟುಕೊಂಡರೆ ದಾರಿಯಿದೆ. ಲಿಫ್ಟ್ ನಿಮಿಷಕ್ಕೆ ಮೂರು ಮಹಡಿ ಇಳಿಯುತ್ತಿದೆ, ಅಂದರೆ ನಡೆ −3. ಈಗ ಅದು ಸೊನ್ನೆಯಲ್ಲಿದೆ. ಎರಡು ನಿಮಿಷ ಬಿಟ್ಟು ಎಲ್ಲಿರುತ್ತದೆ ಎಂದರೆ −6. ಎರಡು ನಿಮಿಷದ ಹಿಂದೆ, ಅಂದರೆ ಕಾಲ −2 ಆಗಿದ್ದಾಗ, ಎಲ್ಲಿತ್ತು? ಇಳಿದು ಬಂದದ್ದಲ್ಲವೇ, ಆರನೇ ಮಹಡಿಯಲ್ಲಿತ್ತು.