ಅಂಗಡಿಯ ರೀಲಿಗೆ ಯಾರ ಹಾಡು?

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದಿದೆ. ಊರಿನ ಒಂದು ಸೀರೆ ಅಂಗಡಿಯವರು ಹೊಸ ಇಳಕಲ್ ಮತ್ತು ಮೊಳಕಾಲ್ಮೂರು ಸೀರೆಗಳನ್ನು ತೋರಿಸುವ ಮೂವತ್ತು ಸೆಕೆಂಡಿನ ರೀಲ್ ಮಾಡಿಟ್ಟಿದ್ದಾರೆ ಎಂದುಕೊಳ್ಳೋಣ. ಅದಕ್ಕೆ ಒಪ್ಪುವ ಸಿನಿಮಾ ಹಾಡನ್ನು ಅಂಗಡಿಯ ಇನ್‌ಸ್ಟಾಗ್ರಾಮ್ ಖಾತೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಮಾಲೀಕರ ಮಗಳ ಸ್ವಂತ ಖಾತೆಯಲ್ಲಿ ಹುಡುಕಿದರೆ ಅದೇ ಹಾಡು ಪಟ್ಟಿಯ ತುದಿಯಲ್ಲೇ ಕಾಣುತ್ತದೆ. ಆ್ಯಪ್ ಕೆಟ್ಟಿದೆ ಎಂದು ಅದನ್ನು ತೆಗೆದು ಮತ್ತೆ ಹಾಕಿಕೊಂಡರೂ ಫಲವಿಲ್ಲ.

ಕೆಟ್ಟಿರುವುದು ಆ್ಯಪ್ ಅಲ್ಲ. ಅಂಗಡಿಯ ಖಾತೆ ಬಿಸಿನೆಸ್ ಖಾತೆ, ಮಗಳದು ವೈಯಕ್ತಿಕ ಖಾತೆ. ಹಾಡಿನ ಅನುಮತಿ ಕವಲೊಡೆಯುವುದು ಇಲ್ಲೇ.

ಇನ್‌ಸ್ಟಾಗ್ರಾಮ್ ಮತ್ತು ಫೇಸ್‌ಬುಕ್‌ನಲ್ಲಿ ಸಿಗುವ ಜನಪ್ರಿಯ ಹಾಡುಗಳು ಪುಕ್ಕಟೆಯಾಗಿ ಅಲ್ಲಿಗೆ ಬಂದವಲ್ಲ. ಆಡಿಯೊ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡೇ ತಂದವು. ಭಾರತದಲ್ಲಿ 2019ರಲ್ಲಿ ಟಿ-ಸೀರೀಸ್, ಜೀ ಮ್ಯೂಸಿಕ್, ಯಶ್‌ರಾಜ್ ಫಿಲ್ಮ್ಸ್ ಜೊತೆ, 2020ರಲ್ಲಿ ಸಾರೆಗಾಮ ಜೊತೆ ಇಂಥ ಒಪ್ಪಂದಗಳಾದವು. ಜನ ತಮ್ಮ ಮನೆಯ ಹುಟ್ಟುಹಬ್ಬ, ಪ್ರವಾಸ, ಕುಣಿತದ ವಿಡಿಯೋಗಳಿಗೆ ಹಾಡು ಹಾಕಿಕೊಳ್ಳಲಿ ಎಂಬುದು ಈ ಸೌಲಭ್ಯದ ಉದ್ದೇಶ. ಸರಕು ಮಾರಲು ಹಾಡು ಬಳಸುವುದು ಬೇರೆಯದೇ ವ್ಯವಹಾರ, ಅದಕ್ಕೆ ಬೇರೆ ದರವಿದೆ. ವಾಣಿಜ್ಯ ಉದ್ದೇಶಕ್ಕೆ ಸಂಗೀತ ಬಳಸುವವರು ತಾವೇ ಪರವಾನಗಿ ಪಡೆದಿರಬೇಕು ಎಂದು ಮೆಟಾ ಕಂಪನಿಯ ಸಂಗೀತ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದಿದೆ. ಬಿಸಿನೆಸ್ ಖಾತೆಗಳಿಗೆಂದು ಇರುವುದು ಮೆಟಾ ಸೌಂಡ್ ಕಲೆಕ್ಷನ್ ಎಂಬ ಬೇರೊಂದು ಭಂಡಾರ. ಅದರಲ್ಲಿ ಸಾವಿರಾರು ಸಂಗೀತದ ತುಣುಕುಗಳಿವೆ, ಆದರೆ ಎಲ್ಲರ ಬಾಯಲ್ಲಿರುವ ಹಾಡು ಇಲ್ಲ. ಅಲ್ಲಿಂದ ತೆಗೆದದ್ದನ್ನು ಮೆಟಾದ ವೇದಿಕೆಗಳಲ್ಲಿ ಬಳಸಬಹುದು. ಅದೇ ವಿಡಿಯೋವನ್ನು ಯೂಟ್ಯೂಬಿಗೂ ಏರಿಸುವಂತಿಲ್ಲ.

ಹಾಡು ಸಿಗದಾಗ ಅಂಗಡಿಯವರು ಸಾಮಾನ್ಯವಾಗಿ ಒಳದಾರಿ ಹುಡುಕುತ್ತಾರೆ. ಬಿಸಿನೆಸ್ ಖಾತೆಯನ್ನು ಕ್ರಿಯೇಟರ್ ಖಾತೆಯಾಗಿ ಬದಲಿಸುವುದು ಎಲ್ಲರೂ ಹೇಳಿಕೊಡುವ ಉಪಾಯ. ಬದಲಿಸಿದರೆ ಹಾಡು ಸಿಗುತ್ತದೆ, ರೀಲ್ ಹೋಗುತ್ತದೆ. ಸ್ವಲ್ಪ ದುಡ್ಡು ಹಾಕಿ ಬೂಸ್ಟ್ ಮಾಡಲು ಹೋದಾಗ ಮಾತ್ರ, ಹಕ್ಕುಸ್ವಾಮ್ಯವಿರುವ ಸಂಗೀತ ಇದರಲ್ಲಿದೆ, ಬೂಸ್ಟ್ ಆಗದು ಎಂಬ ಸೂಚನೆ ಬರುತ್ತದೆ. ಖಾತೆಯ ಹೆಸರು ಬದಲಾಯಿತೇ ಹೊರತು ರೀಲಿನ ಉದ್ದೇಶ ಬದಲಾಗಲಿಲ್ಲ. ಸೀರೆಯ ಬೆಲೆ, ಅಂಗಡಿಯ ವಿಳಾಸ ಎಲ್ಲವೂ ಅದರಲ್ಲೇ ಇರುವಾಗ ಅದು ವೈಯಕ್ತಿಕ ಬಳಕೆ ಎಂದು ಯಾವ ವಕೀಲರೂ ವಾದಿಸಲಾರರು.

ಇನ್ನೊಂದು ದಾರಿ, ಎಡಿಟಿಂಗ್ ಆ್ಯಪ್‌ನಲ್ಲಿ ಹಾಡನ್ನು ವಿಡಿಯೋಗೆ ಬೆರೆಸಿ ಆಮೇಲೆ ಏರಿಸುವುದು. ಆಗ ಅದು ‘ಒರಿಜಿನಲ್ ಆಡಿಯೊ’ ಎಂದು ದಾಖಲಾಗುತ್ತದೆ. ವೇದಿಕೆಯ ತಂತ್ರಾಂಶ ಅದನ್ನು ಮೂಲ ಹಾಡಿನ ಜೊತೆ ಹೋಲಿಸಿ ನೋಡುತ್ತದೆ. ಕೆಲವೊಮ್ಮೆ ಏರಿಸಿದ ಕೂಡಲೇ, ಕೆಲವೊಮ್ಮೆ ತಿಂಗಳುಗಳಾದ ಮೇಲೆ ರೀಲ್ ಮೂಕವಾಗುತ್ತದೆ. ಇಲ್ಲಿ ಇನ್ನೂ ಒಂದು ಗುಂಡಿಯಿದೆ. ಬೇರೆ ಯಾರೋ ಹೀಗೆ ಏರಿಸಿದ ಸಿನಿಮಾ ಹಾಡು ‘ಒರಿಜಿನಲ್ ಆಡಿಯೊ’ ಎಂಬ ಹಣೆಪಟ್ಟಿಯಲ್ಲಿ ಬಿಸಿನೆಸ್ ಖಾತೆಗೂ ಕಾಣಿಸಬಹುದು. ಕಾಣಿಸಿತಲ್ಲ, ಹಾಗಾದರೆ ಬಳಸಬಹುದು ಎಂದು ಅಂಗಡಿಯವರು ನಂಬುವುದು ಸಹಜ. ಅವರಲ್ಲಿ ಕದಿಯುವ ಉದ್ದೇಶವಿಲ್ಲ, ಮುಂದಿಟ್ಟದ್ದನ್ನು ಎತ್ತಿಕೊಂಡಿದ್ದಾರೆ ಅಷ್ಟೆ. ಆದರೂ ಹೊಣೆ ಅವರ ಮೇಲೆಯೇ ಬೀಳುತ್ತದೆ.

ಅಮೆರಿಕದ ಬ್ಯಾಂಗ್ ಎಂಬ ಎನರ್ಜಿ ಡ್ರಿಂಕ್ ತಯಾರಕರು ಇದನ್ನು ನ್ಯಾಯಾಲಯದಲ್ಲಿ ಕಲಿತರು. ಸಾಮಾಜಿಕ ಜಾಲತಾಣಗಳಲ್ಲಿ ಅವರು ಹಾಕಿದ್ದ ನೂರಕ್ಕೂ ಹೆಚ್ಚು ಪ್ರಚಾರ ವಿಡಿಯೋಗಳ ಮೇಲೆ ಯೂನಿವರ್ಸಲ್ ಮತ್ತು ಸೋನಿ ಕಂಪನಿಗಳು ದಾವೆ ಹೂಡಿದವು. ವೇದಿಕೆಗೆ ಹಾಡಿನ ಪರವಾನಗಿ ಇದೆ, ಆದ್ದರಿಂದ ನಮಗೂ ಇದೆ ಎಂಬ ವಾದ ಫ್ಲೋರಿಡಾದ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಕಂಪನಿಯೇ ಹಾಕಿದ ವಿಡಿಯೋಗಳು ಹಕ್ಕುಸ್ವಾಮ್ಯದ ಉಲ್ಲಂಘನೆ ಎಂದು 2022ರಲ್ಲಿ ತೀರ್ಮಾನವಾಯಿತು.

ನಮ್ಮ ನೆಲದಲ್ಲೂ ಉದಾಹರಣೆಯಿದೆ. ಕಾಂಗ್ರೆಸ್ ಪಕ್ಷ ಭಾರತ್ ಜೋಡೋ ಯಾತ್ರೆಯ ಪ್ರಚಾರ ವಿಡಿಯೋಗೆ ‘ಕೆಜಿಎಫ್ ಚಾಪ್ಟರ್ 2’ ಚಿತ್ರದ ಸಂಗೀತ ಬಳಸಿದಾಗ ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಕಂಪನಿ ಯಶವಂತಪುರ ಠಾಣೆಗೆ ದೂರು ಕೊಟ್ಟಿತು, ಸಿವಿಲ್ ದಾವೆಯನ್ನೂ ಹೂಡಿತು. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಪಕ್ಷದ ಎರಡು ಟ್ವಿಟರ್ ಖಾತೆಗಳನ್ನೇ ತಾತ್ಕಾಲಿಕವಾಗಿ ತಡೆಯುವಂತೆ ಆದೇಶಿಸಿತು. ವಿವಾದದ ವಿಡಿಯೋ ತೆಗೆಯಬೇಕೆಂಬ ಷರತ್ತಿನ ಮೇಲೆ ಹೈಕೋರ್ಟ್ ಮರುದಿನ ಆ ಆದೇಶವನ್ನು ರದ್ದುಮಾಡಿತು. ಕ್ರಿಮಿನಲ್ ಪ್ರಕರಣವನ್ನು ಮಾತ್ರ ರದ್ದುಗೊಳಿಸಲು 2023ರ ಜೂನ್‌ನಲ್ಲಿ ನಿರಾಕರಿಸಿತು. ಹಾಡಿನ ಜಗಳ ಠಾಣೆಯವರೆಗೂ ಹೋಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ತಿಳಿದೂ ಮಾಡಿದ ಉಲ್ಲಂಘನೆಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಉಂಟು. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವಾದರೆ ಶಿಕ್ಷೆ ಕಡಿಮೆ ಮಾಡುವ ಅವಕಾಶ ನ್ಯಾಯಾಲಯಕ್ಕಿದೆ. ಅಂಗಡಿಯ ಪ್ರಚಾರಕ್ಕೆ ಆ ರಿಯಾಯಿತಿ ಕೇಳುವುದು ಕಷ್ಟ.

ಹದಿನೈದು ಸೆಕೆಂಡಿನೊಳಗೆ ಬಳಸಿದರೆ ತೊಂದರೆಯಿಲ್ಲ ಎಂಬ ಮಾತು ಎಲ್ಲೆಲ್ಲೂ ಕೇಳಿಬರುತ್ತದೆ. ಕಾಯ್ದೆಯಲ್ಲಿ ಅಂಥ ಸೆಕೆಂಡಿನ ಲೆಕ್ಕವೇ ಇಲ್ಲ. ಕೃಪೆ ಎಂದು ಗಾಯಕರ ಹೆಸರು ಹಾಕಿದರೂ ಅದು ಅನುಮತಿಯಾಗದು. ಅಂಗಡಿಯೊಳಗೆ ಹಾಡು ನುಡಿಸಲು ಪಿಪಿಎಲ್‌ನಂಥ ಸಂಸ್ಥೆಗೆ ವರ್ಷಕ್ಕಿಷ್ಟು ಕಟ್ಟುವವರಿಗೂ ಒಂದು ತಪ್ಪು ತಿಳಿವಳಿಕೆಯಿದೆ. ಆ ಪರವಾನಗಿ ಗಿರಾಕಿಗಳ ಕಿವಿಗೆ ಹಾಡು ಕೇಳಿಸಲು ಮಾತ್ರ. ಹಾಡನ್ನು ದೃಶ್ಯದ ಜೊತೆ ಜೋಡಿಸುವುದು ಬೇರೆ ಹಕ್ಕು. ಉದ್ಯಮದವರು ಅದನ್ನು ಸಿಂಕ್ ಎನ್ನುತ್ತಾರೆ.

ಆ ಹಕ್ಕನ್ನು ಕೇಳಲು ಹೋದಾಗ ಹಾಡಿನೊಳಗೆ ಎರಡು ಆಸ್ತಿಗಳಿವೆ ಎಂಬುದು ತಿಳಿಯುತ್ತದೆ. ಸಾಹಿತ್ಯ ಮತ್ತು ರಾಗ ಸಂಯೋಜನೆ ಒಂದು, ಅದರ ಧ್ವನಿಮುದ್ರಣ ಇನ್ನೊಂದು. ಸೈಟು ಒಬ್ಬರದು, ಮೇಲಿನ ಮನೆ ಇನ್ನೊಬ್ಬರದು ಆಗಿರುವ ಹಾಗೆ. ಸಿನಿಮಾ ಹಾಡುಗಳಲ್ಲಿ ಎರಡೂ ಬಹಳ ಸಲ ಒಂದೇ ಆಡಿಯೊ ಕಂಪನಿಯ ಕೈಯಲ್ಲಿರುತ್ತವೆ. ಯಾವಾಗಲೂ ಹಾಗೆಂದು ನಂಬುವಂತಿಲ್ಲ.

ಈ ವಿಂಗಡಣೆ ತಿಳಿದರೆ ಸೀರೆ ಅಂಗಡಿಗೆ ಒಂದು ದಾರಿಯೂ ತೆರೆಯುತ್ತದೆ. ಹಬ್ಬಕ್ಕೆ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ಕ್ಕಿಂತ ಒಪ್ಪುವ ಹಾಡು ಯಾವುದು? ಪುರಂದರದಾಸರು ಹದಿನಾರನೇ ಶತಮಾನದವರು, ಆ ಪದದ ಮೇಲೆ ಇಂದು ಯಾರಿಗೂ ಹಕ್ಕುಸ್ವಾಮ್ಯವಿಲ್ಲ. ಆದರೆ ಭೀಮಸೇನ ಜೋಶಿಯವರ ಧ್ವನಿಮುದ್ರಣವನ್ನು ಎತ್ತಿಕೊಳ್ಳುವಂತಿಲ್ಲ. ಧ್ವನಿಮುದ್ರಣಕ್ಕೆ ಪ್ರಕಟವಾದ ಮರುವರ್ಷದಿಂದ 60 ವರ್ಷ ರಕ್ಷಣೆ ಇರುತ್ತದೆ. ಸಾಹಿತ್ಯಕ್ಕೆ ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳು 2041ರ ಕೊನೆಯವರೆಗೆ, 1994ರಲ್ಲಿ ಅಗಲಿದ ಕುವೆಂಪು ಅವರ ಕವಿತೆಗಳು 2054ರ ಕೊನೆಯವರೆಗೆ ಅವರ ವಾರಸುದಾರರ ಅಥವಾ ಹಕ್ಕು ಪಡೆದವರ ಸ್ವತ್ತು. ಭಾವಗೀತೆಯನ್ನು ಹೊಸದಾಗಿ ಹಾಡಿಸಿದರೂ ಕೇಳಲೇಬೇಕು. ದಾಸರ ಪದಕ್ಕೆ ಆ ತೊಡಕಿಲ್ಲ.

ಹಾಗಾಗಿ ಅಂಗಡಿಯವರು ಊರಿನ ಗಾಯಕಿಯೊಬ್ಬರಿಂದ, ಹಾರ್ಮೋನಿಯಂ ತಬಲಾ ಇಟ್ಟು, ಸಾಂಪ್ರದಾಯಿಕ ಧಾಟಿಯಲ್ಲಿ ಆ ಪದ ಹಾಡಿಸಿ ಮುದ್ರಿಸಿಕೊಳ್ಳಬಹುದು. ಹಣ ಕೊಟ್ಟು ಸುಮ್ಮನಾದರೆ ಸಾಲದು, ಬರವಣಿಗೆ ಬೇಕು. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು ಎನ್ನುತ್ತದೆ ಕಾಯ್ದೆಯ 19ನೇ ಸೆಕ್ಷನ್. ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಅದು ಊಹಿಸಿಕೊಳ್ಳುತ್ತದೆ. ರೀಲ್ ದುಬೈ, ಅಮೆರಿಕದ ಗಿರಾಕಿಗಳಿಗೂ ಕಾಣುವುದರಿಂದ ‘ಜಗತ್ತಿನಾದ್ಯಂತ, ಎಲ್ಲ ಸಾಮಾಜಿಕ ಜಾಲತಾಣಗಳಲ್ಲಿ, ಪಾವತಿ ಜಾಹೀರಾತು ಸೇರಿ’ ಎಂದು ಬರೆಸುವುದು ಮುಖ್ಯ. ವಾದ್ಯದವರ ಸಹಿಯೂ ಇರಲಿ. ಇಷ್ಟಾದರೂ ಯಂತ್ರ ಈ ಹಾಡನ್ನು ಯಾವುದೋ ಕಂಪನಿಯ ಧ್ವನಿಮುದ್ರಣವೆಂದು ತಪ್ಪಾಗಿ ಗುರುತಿಸುವುದುಂಟು. ಆಗ ಆಕ್ಷೇಪ ಸಲ್ಲಿಸಲು ಆಧಾರವಾಗುವುದು ಈ ಒಪ್ಪಂದವೇ.

ಹಾಡು ಸರಿಹೋದರೂ ಚಿತ್ರದ ಪ್ರಶ್ನೆ ಉಳಿಯುತ್ತದೆ. ಬೆಂಗಳೂರು ಮೂಲದ ಟೈಟಾನ್ ಕಂಪನಿಯ ತನಿಷ್ಕ್ ಆಭರಣಗಳಿಗೆ ಅಮಿತಾಭ್ ಮತ್ತು ಜಯಾ ಬಚ್ಚನ್ ರೂಪದರ್ಶಿಗಳಾಗಿದ್ದರು. ಅದೇ ಚಿತ್ರವನ್ನು ರಾಮ್‌ಕುಮಾರ್ ಜ್ಯುವೆಲರ್ಸ್ ಎಂಬ ಆಭರಣದಂಗಡಿ ತನ್ನ ಹೋರ್ಡಿಂಗ್‌ಗೆ ಹಾಕಿಕೊಂಡಿತು. 2012ರಲ್ಲಿ ದೆಹಲಿ ಹೈಕೋರ್ಟ್ ಅದಕ್ಕೆ ತಡೆಯಾಜ್ಞೆ ಕೊಟ್ಟಿತು. ಇಲ್ಲಿ ತಪ್ಪು ಎರಡು ಬಗೆಯದು. ಛಾಯಾಚಿತ್ರದ ಹಕ್ಕು ಟೈಟಾನ್‌ದು, ಮುಖದ ಹಕ್ಕು ನಟರದು. ತಮ್ಮ ಗುರುತನ್ನು ಎಲ್ಲಿ, ಯಾವಾಗ, ಹೇಗೆ ಬಳಸಬೇಕೆಂದು ನಿರ್ಧರಿಸುವವರು ಆ ಪ್ರಸಿದ್ಧ ವ್ಯಕ್ತಿಗಳೇ ಎಂದು ನ್ಯಾಯಾಲಯ ಹೇಳಿತು. ನಟಿಯೊಬ್ಬರು ಉಟ್ಟಂಥ ಸೀರೆ ನಮ್ಮಲ್ಲೂ ಇದೆ ಎಂದು ಆಕೆಯ ಫೋಟೊ ಹಾಕುವ ರೀಲುಗಳು ಇದೇ ದಾರಿಯಲ್ಲಿವೆ.

ಮದುಮಗಳ ಚಿತ್ರ ಇನ್ನೂ ಸೂಕ್ಷ್ಮ. ಅಂಗಡಿಯ ಸೀರೆ ಉಟ್ಟ ವಧು ಖುಷಿಯಿಂದ ಟ್ಯಾಗ್ ಮಾಡುತ್ತಾರೆ, ಅಂಗಡಿಯವರು ಫೋಟೊ ಇಳಿಸಿಕೊಂಡು ಜಾಹೀರಾತು ಮಾಡುತ್ತಾರೆ. ಟ್ಯಾಗ್ ಮಾಡಿದ್ದು ಅನುಮತಿಯಲ್ಲ. ಹಣ ಕೊಟ್ಟು ತೆಗೆಸಿದ ಫೋಟೊಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು ಎಂದು ಕಾಯ್ದೆ ಹೇಳುತ್ತದೆ. ಛಾಯಾಗ್ರಾಹಕರು ಹಕ್ಕನ್ನು ತಮ್ಮಲ್ಲೇ ಉಳಿಸಿಕೊಂಡು ಒಪ್ಪಂದ ಬರೆಸಿಕೊಂಡಿದ್ದರೆ ಅವರನ್ನೂ ಕೇಳಬೇಕು. ವಧುವಿಗೂ ಛಾಯಾಗ್ರಾಹಕರಿಗೂ ಒಂದೊಂದು ವಾಟ್ಸ್‌ಆ್ಯಪ್ ಸಂದೇಶ ಕಳಿಸಿ, ಯಾವ ಫೋಟೊ, ಎಲ್ಲಿ, ಎಷ್ಟು ದಿನ ಎಂದು ಸ್ಪಷ್ಟವಾಗಿ ಕೇಳಿ, ಬಂದ ಒಪ್ಪಿಗೆಯನ್ನು ಉಳಿಸಿಕೊಂಡರೆ ಮುಂದೆ ತೋರಿಸಲು ಏನಾದರೂ ಇರುತ್ತದೆ.

ಇಷ್ಟರ ನಡುವೆಯೂ ನೋಟಿಸ್ ಬಂದರೆ ಅದು ಯಾವ ಬಗೆಯದು ಎಂದು ಮೊದಲು ನೋಡಬೇಕು. ಯೂಟ್ಯೂಬಿನಲ್ಲಿ ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕಂಟೆಂಟ್ ಐಡಿ ಎಂಬ ಯಂತ್ರ ಹಾಡನ್ನು ಗುರುತಿಸಿದಾಗ ಬರುವುದು ಕ್ಲೇಮ್. ವಿಡಿಯೋದ ಜಾಹೀರಾತು ಹಣ ಹಕ್ಕುದಾರರಿಗೆ ಹೋಗಬಹುದು ಅಥವಾ ವಿಡಿಯೋ ಕೆಲವೆಡೆ ಕಾಣದಿರಬಹುದು, ಆದರೆ ಚಾನೆಲ್ಲಿಗೆ ಕಪ್ಪುಚುಕ್ಕೆ ಬೀಳುವುದಿಲ್ಲ. ಆಕ್ಷೇಪ ಸಲ್ಲಿಸಿದರೆ ಉತ್ತರಿಸಲು ಹಕ್ಕುದಾರರಿಗೆ 30 ದಿನ. ಹಕ್ಕುದಾರರು ಕಾನೂನುಬದ್ಧವಾಗಿ ಮನವಿ ಕೊಟ್ಟು ವಿಡಿಯೋ ತೆಗೆಸಿದರೆ ಬೀಳುವುದು ಸ್ಟ್ರೈಕ್. ಅದರ ಆಯುಸ್ಸು 90 ದಿನ. ಆ ಅವಧಿಯಲ್ಲಿ ಮೂರು ಬಿದ್ದರೆ ಚಾನೆಲ್ಲೇ ರದ್ದಾಗಬಹುದು. ಗಾಬರಿಯಿಂದ ವಿಡಿಯೋ ಅಳಿಸಿದರೆ ಸ್ಟ್ರೈಕ್ ಹೋಗುವುದಿಲ್ಲ. ಹಕ್ಕುದಾರರೇ ಹಿಂದಕ್ಕೆ ಪಡೆದರೆ ಹೋಗುತ್ತದೆ. ಆದ್ದರಿಂದ ಅವರ ಇಮೇಲ್‌ಗೆ ವಿನಯದಿಂದ ಬರೆಯುವುದೇ ಅನೇಕ ಸಲ ಹತ್ತಿರದ ದಾರಿ.

ಇನ್‌ಸ್ಟಾಗ್ರಾಮಿನಲ್ಲಿ ಸೆಟ್ಟಿಂಗ್ಸ್ ಒಳಗಿನ Account Status ಪುಟದಲ್ಲಿ ಯಾವ ಪೋಸ್ಟ್ ಏಕೆ ಹೋಯಿತು ಎಂಬುದು ಕಾಣುತ್ತದೆ. ಪದೇಪದೇ ಉಲ್ಲಂಘಿಸಿದವರ ಖಾತೆ ಮುಚ್ಚಬಹುದು ಎಂಬುದು ಅಲ್ಲಿನ ನಿಯಮ. ವರ್ಷಗಟ್ಟಲೆ ಕೂಡಿಸಿದ ಗಿರಾಕಿಗಳು, ಅವರ ಆರ್ಡರುಗಳ ಮಾತುಕತೆ ಎಲ್ಲ ಆ ಒಂದೇ ಖಾತೆಯಲ್ಲಿರುವ ಅಂಗಡಿಗೆ ಇದು ದೊಡ್ಡ ಪೆಟ್ಟು. ಅನುಮತಿ ನಿಜವಾಗಿ ಇದ್ದರೆ ಪ್ರತಿ-ನೋಟಿಸ್ ಕೊಡಬಹುದು. ಅದರಲ್ಲಿ ಕೊಟ್ಟ ಹೆಸರು, ವಿಳಾಸ ಎದುರಿನವರಿಗೆ ಹೋಗುತ್ತದೆ, ಸುಳ್ಳು ಹೇಳಿದರೆ ಅದೇ ಅಪರಾಧವಾಗುತ್ತದೆ. ಯೂಟ್ಯೂಬಿನಲ್ಲಿ ಅದು ತಲುಪಿದ ಮೇಲೆ ದಾವೆ ಹೂಡಿದ್ದಕ್ಕೆ ಪುರಾವೆ ಕೊಡಲು ಹಕ್ಕುದಾರರಿಗೆ ಅಮೆರಿಕದ ಹತ್ತು ಕೆಲಸದ ದಿನಗಳ ಗಡುವಿದೆ. ಕೊಡದಿದ್ದರೆ ವಿಡಿಯೋ ಮರಳಬಹುದು. ಹಬ್ಬ ಅಷ್ಟರಲ್ಲಿ ಮುಗಿದಿರುತ್ತದೆ. ಹಬ್ಬದ ರೀಲಿನ ಹಾಡಿನ ಕಾಗದಪತ್ರವನ್ನು ಸೀರೆಯ ಸ್ಟಾಕ್ ತರಿಸುವ ಹೊತ್ತಿಗೇ ಮಾಡಿಸಿಟ್ಟುಕೊಳ್ಳಬೇಕಾಗಿರುವುದು ಇದಕ್ಕೇ.