ಹೊಸ ಕೇಬಲ್, ಹೊಸ ಅಡಾಪ್ಟರ್, ಆದರೂ ಚಾರ್ಜ್ ನಿಧಾನ

ಫೋನ್ ನಿಧಾನವಾಗಿ ಚಾರ್ಜ್ ಆಗುತ್ತಿದೆಯೆಂದು ಕೇಬಲ್ಲು, ಅಡಾಪ್ಟರು ಎರಡನ್ನೂ ಒಟ್ಟಿಗೇ ಬದಲಿಸುವವರು ಬಹಳ. ಆಮೇಲೂ ಅದೇ ಗತಿಯಾದರೆ ದೋಷ ಎಲ್ಲಿದೆಯೆಂದು ಹುಡುಕುವುದು ಇನ್ನಷ್ಟು ಕಷ್ಟ.

ಅಡಾಪ್ಟರಿನ ಮೇಲೆ 33 ವ್ಯಾಟ್ ಎಂದು ಅಚ್ಚಾಗಿದ್ದರೂ ಅದು ತಾನಾಗಿ ಅಷ್ಟನ್ನು ಕೊಡುವುದಿಲ್ಲ. ಎಷ್ಟು ಬೇಕೆಂದು ಫೋನ್ ಮೊದಲು ಕೇಬಲ್ಲಿನ ತೆಳು ತಂತಿಗಳ ಮೂಲಕ ಕೇಳುತ್ತದೆ. ಹೀಗೆ ಕೇಳುವ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ಹೊಂದಾಣಿಕೆಯಾಗದಿದ್ದರೆ 65 ವ್ಯಾಟಿನ ಅಡಾಪ್ಟರ್ ಕೂಡ ಸುಮಾರು 10 ವ್ಯಾಟಿಗೆ ಇಳಿಯಬಹುದು. ಕೇಬಲ್ಲಿನೊಳಗೆ ಆ ತೆಳು ತಂತಿಗಳೇ ಇಲ್ಲದಿದ್ದರೆ ಎಷ್ಟೋ ಫೋನುಗಳು ಎರಡೂವರೆ ವ್ಯಾಟಿಗೇ ನಿಂತುಬಿಡುತ್ತವೆ.

ಇದನ್ನು ಅಳೆಯಲು ಗಡಿಯಾರ ಸಾಕು. ಚಾರ್ಜ್ 20ರಿಂದ 50 ಶೇಕಡಾ ಒಳಗಿರುವಾಗ, ಫೋನ್ ತಣ್ಣಗಿರುವಾಗ, ಪರದೆ ಆರಿಸಿ ಅರ್ಧ ಗಂಟೆ ಹಾಕಿಡಿ. 80 ದಾಟಿದ ಮೇಲೆ, ಬಿಸಿಯಾದಾಗ ಫೋನ್ ತಾನೇ ವೇಗ ತಗ್ಗಿಸುವುದರಿಂದ ಆಗಿನ ಲೆಕ್ಕ ನಂಬುವಂತಿಲ್ಲ. 5000 ಎಂಎಎಚ್ ಬ್ಯಾಟರಿಯಾದರೆ 10 ವ್ಯಾಟಿನಲ್ಲಿ ಸುಮಾರು 20 ಶೇಕಡಾ ಏರಬೇಕು. ಐದಾರು ಮಾತ್ರ ಏರಿದರೆ ಎರಡೂವರೆ ವ್ಯಾಟಿನಲ್ಲಿ ಸಿಕ್ಕಿಕೊಂಡಿದೆ ಎಂದರ್ಥ.

ಈಗ ಅದೇ ಕಂಪನಿಯ, ಚೆನ್ನಾಗಿ ಚಾರ್ಜ್ ಆಗುವ ಫೋನ್ ಇರುವವರಿಂದ ಅವರ ಕೇಬಲ್ಲು, ಅಡಾಪ್ಟರು ತನ್ನಿ. ಅಣ್ಣ ತಂಗಿಯರ ಫೋನುಗಳು ಒಂದೇ ಕಂಪನಿಯವು ಎಂದುಕೊಳ್ಳೋಣ. ತಂಗಿಯ ಜೋಡಿಯಲ್ಲಿ ಅಣ್ಣನ ಫೋನ್ ಅರ್ಧ ಗಂಟೆಗೆ 22 ಏರಿತು. ಅಲ್ಲಿಗೆ ಫೋನಿನಲ್ಲಿ ದೋಷವಿಲ್ಲ. ಬಳಿಕ ತಂಗಿಯ ಅಡಾಪ್ಟರಿಗೆ ಅಣ್ಣನ ಹೊಸ ಕೇಬಲ್ ಹಾಕಿದರು, ಏರಿದ್ದು 6. ಕೊನೆಗೆ ಅಣ್ಣನ ಅಡಾಪ್ಟರಿಗೆ ತಂಗಿಯ ಕೇಬಲ್ ಹಾಕಿದಾಗ ಮತ್ತೆ 21. ಕೆಟ್ಟದ್ದು ಹೊಸ ಕೇಬಲ್. ಪ್ರತಿ ಸಲ ಒಂದನ್ನಷ್ಟೇ ಬದಲಿಸಿದ್ದರಿಂದ ಉತ್ತರ ಸ್ಪಷ್ಟವಾಯಿತು.

ತಂಗಿಯ ಜೋಡಿಯಲ್ಲೂ ನಿಧಾನವಾಗಿದ್ದರೆ ಫೋನಿನ ಕಡೆ ತಿರುಗಬೇಕು. ಸೆಟ್ಟಿಂಗ್ಸಿನಲ್ಲಿ ಫಾಸ್ಟ್ ಚಾರ್ಜಿಂಗ್ ಆಫ್ ಆಗಿದೆಯೇ ನೋಡಿ. ನಂತರ ಪಿನ್ ಚುಚ್ಚುವ ಕಿಂಡಿ. ಜೇಬಿನ ನೂಲೆಳೆ, ಧೂಳು ಒಳಗೆ ಗಟ್ಟಿಯಾಗಿ ಕೂತರೆ ಪಿನ್ ಪೂರ್ತಿ ಹೋಗದೆ ಚೂರು ಹೊರಗೆ ನಿಲ್ಲುತ್ತದೆ, ಅಲ್ಲಾಡುತ್ತದೆ. ಫೋನ್ ಸ್ವಿಚ್ ಆಫ್ ಮಾಡಿ, ಮರದ ಟೂತ್‌ಪಿಕ್ಕಿನಿಂದ ಅಂಚಿನಲ್ಲಿ ಮೆಲ್ಲಗೆ ಕೆರೆದು ತೆಗೆಯಿರಿ. ಸೂಜಿ, ಗುಂಡುಪಿನ್ನು ಬೇಡವೇ ಬೇಡ. ಒಳಗಿನ ನಾಲಗೆಯಂಥ ಪಟ್ಟಿ ಮುರಿದರೆ ರಿಪೇರಿಯ ಖರ್ಚು ಗ್ಯಾರಂಟಿ.

ಇಷ್ಟಾದರೂ ವೇಗ ಬರದಿದ್ದರೆ ಚಾರ್ಜಿಂಗ್ ಬೋರ್ಡನ್ನೂ ಬ್ಯಾಟರಿಯನ್ನೂ ರಿಪೇರಿಯವರೇ ನೋಡಬೇಕು. ಫೋನಿನ ಹಿಂಬದಿ ಉಬ್ಬಿದ್ದರೆ ಮಾತ್ರ ಯಾವ ಪರೀಕ್ಷೆಯೂ ಬೇಡ, ಚಾರ್ಜಿಗೆ ಹಾಕುವುದನ್ನು ಆ ಕ್ಷಣವೇ ನಿಲ್ಲಿಸಿ.