ಸಂದರ್ಶನದ ಮರುದಿನದ ಹತ್ತು ಸಾಲು

ಸಂದರ್ಶನ ಮುಗಿಸಿದ ಅಭ್ಯರ್ಥಿಯು ಮರುದಿನ ಸಂಸ್ಥೆಗೆ ಕೃತಜ್ಞತಾಪತ್ರ ಬರೆಯುವ ರೂಢಿ ಈಗ ನಮ್ಮಲ್ಲಿಯೂ ಕಾಣತೊಡಗಿದೆ. ಅದು ಬರಿಯ ಸೌಜನ್ಯವೇ, ಅಥವಾ ಸಂದರ್ಶನ ತಿಳಿಸದ್ದನ್ನು ತಿಳಿಸಬಲ್ಲದೇ?

ಅರ್ಥಶಾಸ್ತ್ರಜ್ಞ ಮೈಕೇಲ್ ಸ್ಪೆನ್ಸ್ 1973ರಲ್ಲಿ ಉದ್ಯೋಗ ಮಾರುಕಟ್ಟೆಯ ಕುರಿತು ಒಂದು ವಾದ ಮಂಡಿಸಿದರು. ಸಮರ್ಥನಿಗೆ ಸುಲಭವಾಗಿಯೂ ಅಸಮರ್ಥನಿಗೆ ದುಬಾರಿಯಾಗಿಯೂ ಇರುವ ಸಂಕೇತವಷ್ಟೇ ಇಬ್ಬರನ್ನೂ ಬೇರ್ಪಡಿಸಿ ತೋರಿಸಬಲ್ಲದು ಎಂಬುದು ಅದರ ಸಾರ. ‘ತಮ್ಮ ಅಮೂಲ್ಯ ಸಮಯಕ್ಕೆ ಧನ್ಯವಾದಗಳು’ ಎಂದು ಯಾರೂ ಬರೆಯಬಹುದು. ಆದ್ದರಿಂದಲೇ ಅದು ಏನನ್ನೂ ತಿಳಿಸದು.

ಕೊಳ್ಳೇಗಾಲ, ಹನೂರು ಭಾಗದ ರೇಷ್ಮೆ ಬೆಳೆಗಾರರ ನಡುವೆ ದುಡಿಯುವ ಸಂಸ್ಥೆಯೊಂದು ಕ್ಷೇತ್ರ ಸಂಯೋಜಕರ ಹುದ್ದೆಗೆ ನಡೆಸಿದ ಸಂದರ್ಶನದಲ್ಲಿ ನಾನು ಹೊರಗಿನ ಸದಸ್ಯನಾಗಿದ್ದೆ. ‘ನಾಲ್ಕನೆಯ ಜ್ವರ ಎದ್ದ ಮೇಲೆ ಹುಳು ಸಾಯುತ್ತಿವೆ ಎಂದು ರೈತ ದೂರಿದರೆ ಏನು ಮಾಡುವಿರಿ?’ ಎಂಬುದು ಪ್ರಶ್ನೆ. ಒಟ್ಟು ಸೊಪ್ಪಿನ ಶೇ 80ಕ್ಕಿಂತ ಹೆಚ್ಚು ಪಾಲನ್ನು ಹುಳು ತಿನ್ನುವುದು ಈ ಹಂತದಲ್ಲಿಯೇ. ಇಲ್ಲಿ ಬೆಳೆ ಹೋದರೆ ರೈತನ ಶ್ರಮವೆಲ್ಲ ಹೋದಂತೆ. ಯಳಂದೂರಿನ ಅಭ್ಯರ್ಥಿಯೊಬ್ಬರು ‘ತಜ್ಞರನ್ನು ಕರೆತರುವೆ’ ಎಂದರು. ಉಳಿದವರ ಉತ್ತರವೂ ಹೆಚ್ಚುಕಡಿಮೆ ಅದೇ.

ಮರುದಿನ ಆಕೆಯ ಪತ್ರ ಬಂತು. ವಂದನೆಗೆ ಒಂದು ಸಾಲು. ಉಳಿದದ್ದು ಆ ಪ್ರಶ್ನೆಯ ಮುಂದುವರಿಕೆ. ತಜ್ಞರು ಬರುವ ಮುನ್ನ ಮೂರು ಸಂಗತಿ ವಿಚಾರಿಸುವುದಾಗಿ ಆಕೆ ಬರೆದಿದ್ದರು. ಅದೇ ಚಾಕಿ ಕೇಂದ್ರದಿಂದ ಅದೇ ದಿನ ಹುಳು ತಂದ ಬೇರೆ ರೈತರ ಸ್ಥಿತಿ ಹೇಗಿದೆ? ಹಿಂದಿನ ಬೆಳೆಯ ನಂತರ ಸಾಕಣೆ ಮನೆಯ ಸೋಂಕು ನಿವಾರಣೆ ಆಗಿತ್ತೇ? ಸೊಪ್ಪು ತಂದ ತೋಟಕ್ಕಾಗಲಿ, ಅದರ ಪಕ್ಕದ ಹೊಲಕ್ಕಾಗಲಿ ಇತ್ತೀಚೆಗೆ ಕೀಟನಾಶಕ ಸಿಂಪಡಿಸಿದ್ದರೇ? ಉಳಿದವರ ಹುಳು ಚೆನ್ನಾಗಿದ್ದರೆ, ದೋಷವನ್ನು ಚಾಕಿ ಕೇಂದ್ರಕ್ಕಿಂತ ಮೊದಲು ಈ ರೈತನ ಮನೆಯಲ್ಲಿ, ಸೊಪ್ಪಿನಲ್ಲಿ ಹುಡುಕಬೇಕು ಎಂಬ ತರ್ಕವನ್ನೂ ಸೇರಿಸಿದ್ದರು.

ಇಪ್ಪತ್ತು ನಿಮಿಷದ ಸಂದರ್ಶನ ಅಳೆಯುವುದು ತಕ್ಷಣದ ಉತ್ತರವನ್ನು. ಬಿಡಿಸಲಾಗದ ಪ್ರಶ್ನೆಯನ್ನು ಮನೆಗೆ ಕೊಂಡೊಯ್ದು ಯೋಚಿಸುವ ಗುಣ ಅಲ್ಲಿ ಕಾಣದು; ಈ ಹುದ್ದೆಗಾದರೋ ಅದೇ ಮುಖ್ಯ. ಬೇರೊಬ್ಬರು ಬರೆದುಕೊಟ್ಟಿರಬಹುದಲ್ಲ ಎಂಬ ಸಂಶಯ ಸಹಜ. ಅದಕ್ಕೆಂದೇ ಸಮಿತಿ ಆಕೆಗೆ ದೂರವಾಣಿ ಮಾಡಿ, ‘ಎಲ್ಲರ ಹುಳುವೂ ಸತ್ತಿದ್ದರೆ?’ ಎಂದು ಕೇಳಿತು. ‘ಹಾಗಾದರೆ ಚಾಕಿ ಕೇಂದ್ರದಿಂದಲೇ ವಿಚಾರಣೆ ಆರಂಭಿಸುವೆ, ಅಲ್ಲಿಂದ ಹುಳು ಕೊಂಡ ಉಳಿದ ರೈತರಿಗೂ ಅದೇ ದಿನ ತಿಳಿಸುವೆ’ ಎಂಬ ಉತ್ತರ ತಡವಿಲ್ಲದೆ ಬಂತು. ಪತ್ರ ಅಂಕ ತರಲಿಲ್ಲ. ಇನ್ನೊಂದು ಪ್ರಶ್ನೆಗೆ ಅವಕಾಶ ತಂದಿತು.

ಮಿತಿಗಳೂ ಇವೆ. ಅಂಕಪಟ್ಟಿ ಅಂತಿಮಗೊಂಡ ಮೇಲೆ ಬಂದ ಪತ್ರ ವ್ಯರ್ಥ. ಸರ್ಕಾರಿ ನೇಮಕಾತಿಯಲ್ಲಿ ಆಯ್ಕೆ ಮಂಡಳಿಗೆ ಹೀಗೆ ಬರೆಯಲೇಬಾರದು. ಅದು ಪ್ರಭಾವ ಬೀರುವ ಯತ್ನವೆನಿಸಿ ಅನರ್ಹತೆಗೆ ದಾರಿಯಾಗಬಹುದು. ಸಂದರ್ಶಕರಿಗೂ ಒಂದು ಕರ್ತವ್ಯವಿದೆ: ಪತ್ರ ಬರೆದವರಿಗೆ ಮತ್ತೊಂದು ಪ್ರಶ್ನೆ ಕೇಳುವುದಾದರೆ, ಸಮಾನ ಅಂಕದಲ್ಲಿರುವ, ಬರೆಯದೆ ಉಳಿದ ಅಭ್ಯರ್ಥಿಗೂ ಅದನ್ನೇ ಕೇಳಬೇಕು.